ನಾಲ್ಕು ಬೋಲ್ಟು, ಎರಡು ಫೋನು

ಕಳೆದ ಶನಿವಾರ 32,000 ರೂಪಾಯಿ ಕೊಟ್ಟು ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ತಂದ ನಾನು, ಆ ರಾತ್ರಿ ಹನ್ನೆರಡರವರೆಗೂ ಕೊಳ್ಳದೆ ಬಿಟ್ಟ ಟಾಪ್ ಲೋಡ್ ಮೆಷಿನ್ನಿನ ಗುಣಗಳನ್ನೇ ಮೊಬೈಲಿನಲ್ಲಿ ಓದುತ್ತಿದ್ದೆ. ಆರಿಸಿಕೊಂಡದ್ದರ ಕುಂದೂ ಬಿಟ್ಟುಬಂದದ್ದರ ಚೆಂದವೂ ಒಟ್ಟಿಗೆ ಕಾಡುವ ಈ ತಳಮಳಕ್ಕೆ ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞರು 1957ರಲ್ಲೇ ‘ಕಾಗ್ನಿಟಿವ್ ಡಿಸೊನೆನ್ಸ್’ ಎಂಬ ಗಂಭೀರವಾದ ಹೆಸರನ್ನು ಕೊಟ್ಟಿದ್ದಾರೆ.

ನಮ್ಮ ಬೀದಿಯಲ್ಲಿ ಅದರ ಹೆಸರು ಎದುರುಮನೆಯ ರಾಯರು. ಯಾರ ಮನೆಗೆ ಏನೇ ಬಂದರೂ ಅವರು ಬಂದು ಒಂದು ಸುತ್ತು ಹಾಕಿ, ಬೆಲೆ ಕೇಳಿ, ಕ್ಷಣಕಾಲ ಕಣ್ಣು ಮುಚ್ಚಿ, “ಹೋಗಲಿ ಬಿಡಿ, ಆದದ್ದು ಆಯಿತು” ಎನ್ನುತ್ತಾರೆ. ಸಾವಿನ ಮನೆಯಲ್ಲಿಯೂ ಅವರು ಆಡುವುದು ಇದೇ ಮಾತು, ಇದೇ ರಾಗ. “ಬಟ್ಟೆ ಹಾಕುವುದಕ್ಕೆ ದಿನಾ ಬಗ್ಗಬೇಕಲ್ಲ” ಎಂದು ನನ್ನ ಸೊಂಟವನ್ನು ಕನಿಕರದಿಂದ ನೋಡಿದರು. ಅಷ್ಟರಲ್ಲಿ, ಇನ್‌ಸ್ಟಾಲೇಷನ್‌ನವರಿಗೆ ಕಾಯದೆ ನಾನೇ ನಲ್ಲಿಗೆ ಪೈಪು ಸಿಕ್ಕಿಸಿ ಚಾಲೂ ಮಾಡಿದ್ದ ಮೆಷಿನ್ ಬಟ್ಟೆ ಹಿಂಡುವ ಹಂತಕ್ಕೆ ಬಂದು, ಗಡಗಡನೆ ನಡುಗುತ್ತ ಬಚ್ಚಲಿನಿಂದ ಹೊರಗೆ ಒಂದು ಗೇಣು ನಡೆದೇ ಬಂದಿತು. ರಾಯರು ಮತ್ತೆ ಕಣ್ಣು ಮುಚ್ಚಿದರು. ವಾಪಸು ಕೊಡುವುದೆಂದು ನಾನು ರಸೀದಿ ಹುಡುಕತೊಡಗಿದೆ.

ಅದೇ ಹೊತ್ತಿಗೆ ಅಂಗಡಿಯಿಂದ ಬಂದ ಫೋನು ನನಗೆ ಅಭಿನಂದನೆ ಹೇಳಿ, ಹತ್ತಕ್ಕೆ ಹತ್ತು ಅಂಕ ಕೊಡಬೇಕೆಂದು ಕೋರಿ, ಹೆಚ್ಚುವರಿ ವಾರಂಟಿಯನ್ನು ಮಾರಲು ನೋಡಿತು. ಉರಿಯುವ ಹೊಟ್ಟೆಗೆ ಮೆಣಸಿನಪುಡಿ! ಅಮೆರಿಕದಲ್ಲಿ 1970ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇಲ್ಲಿ ನೆನಪಾಗುತ್ತವೆ. ಕಾರು ಬುಕ್ ಮಾಡಿ ಡೆಲಿವರಿಗೆ ಕಾಯುತ್ತಿದ್ದವರಿಗೆ ಎರಡು ಸಲ ಫೋನ್ ಮಾಡಿ ಆಯ್ಕೆ ಸರಿಯೆಂದು ಧೈರ್ಯ ಹೇಳಿದಾಗ, ಅವರಲ್ಲಿ ಹಿಂದೆ ಸರಿದವರು ಕಡಿಮೆಯಾದರು. ಆದರೆ ಫ್ರಿಜ್ ಕೊಂಡವರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಅಂಗಡಿಯ ಪತ್ರ ಸಮಾಧಾನ ತಂದರೆ, ಫೋನು ಅಸಮಾಧಾನವನ್ನೇ ಹೆಚ್ಚಿಸಿತು. ಫೋನ್ ಮಾಡಿದವರು ಮತ್ತೇನನ್ನೋ ಮಾರಲು ಬಂದಿದ್ದಾರೆಂಬ ಗುಮಾನಿಯೇ ಇದಕ್ಕೆ ಕಾರಣವಿರಬೇಕೆಂದು, ಈಗಷ್ಟೇ ಉರಿದುಕೊಂಡ ನನ್ನ ಊಹೆ.

ಮರುದಿನ ಸರ್ವಿಸ್ ಸೆಂಟರಿನ ಹುಡುಗಿಯೊಬ್ಬಳು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಹಿಂಡುವಾಗ ಮೆಷಿನ್ ಕುಣಿಯುತ್ತಿದೆಯೇ? ಹಿಂಬದಿಯ ನಾಲ್ಕು ಬೋಲ್ಟ್ ತೆಗೆದಿದ್ದೀರಾ?” ಸಾಗಣೆಯಲ್ಲಿ ಡ್ರಮ್ ಅಲುಗಾಡದಂತೆ ಬಿಗಿದ ಆ ಬೋಲ್ಟುಗಳನ್ನು ತೆಗೆಯದಿದ್ದರೆ ಸ್ಪ್ರಿಂಗುಗಳು ಕೆಲಸ ಮಾಡದೆ ಮೆಷಿನ್ನಿಗೆ ಮೆಷಿನ್ನೇ ಕುಣಿಯುತ್ತದೆ. ಕಡಿಮೆ ನೀರಿನಲ್ಲಿ ಒಗೆಯುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ, ಅದು ಕೆಟ್ಟಿದೆ ಎಂದುಕೊಳ್ಳಬೇಡಿ ಎಂದೂ ಅವಳು ಸೇರಿಸಿದಳು. ಹಿಂದೆ ಅಪ್ಪ ರೇಡಿಯೊ ಕೊಂಡಾಗ ಅಂಗಡಿಯ ಶೆಟ್ಟರು ವಾರದೊಳಗೆ ತಾವೇ ಬಂದು, ಆಕಾಶವಾಣಿ ಹಚ್ಚಿ ಕೇಳಿ, ಕಾಫಿ ಕುಡಿದು ಹೋಗಿದ್ದರು. ಆ ರೇಡಿಯೊ ಗೊರಗೊರ ಎನ್ನುತ್ತಿದ್ದರೂ ಅದನ್ನು ವಾಪಸು ಕೊಡಬೇಕೆಂದು ಅಪ್ಪನಿಗೆ ಎಂದೂ ಅನ್ನಿಸಲಿಲ್ಲ.

ಸ್ಪ್ಯಾನರ್ ಹಿಡಿದು ಬೋಲ್ಟುಗಳನ್ನು ಕಳಚಿದೆ. ಮೆಷಿನ್ ನಿಂತಲ್ಲೇ ನಿಂತಿತು. ಸಂಜೆ ಬಂದ ರಾಯರು ಅದಕ್ಕೆ ಕಿವಿಗೊಟ್ಟು, “ಸದ್ದೇ ಇಲ್ಲವಲ್ಲ, ಒಗೆಯುತ್ತಿದೆಯೋ ಇಲ್ಲವೋ?” ಎಂದು ಕಣ್ಣು ಮುಚ್ಚಿದರು.