ಚಿಕ್ಕಪ್ಪನ ತಪ್ಪುಗಳ ಪಟ್ಟಿ

ಕನ್ನಡದಲ್ಲಿ ಸಾಮಾನ್ಯವಾಗಿ ಆಗುವ ನೂರು ತಪ್ಪುಗಳ ಪಟ್ಟಿಯನ್ನು ಯಾರಾದರೊಬ್ಬರು ನನಗೆ ವಾಟ್ಸಾಪಿನಲ್ಲಿ ಕಳುಹಿಸುತ್ತಲೇ ಇರುತ್ತಾರೆ. ನೂರನ್ನೂ ಒಬ್ಬನೇ ಮಾಡುವ ಮಹಾನುಭಾವನನ್ನು ನಾನಂತೂ ಕಂಡಿಲ್ಲ. ‘ವಿದ್ಯಾರ್ಥಿ’ಯನ್ನು ಎಂದೂ ತಪ್ಪಾಗಿ ಬರೆಯದವನು ಅದನ್ನೇ ಪುಟಪುಟದಲ್ಲಿ ಹುಡುಕುತ್ತ ಕುಳಿತರೆ ಕಣ್ಣು ದಣಿಯುತ್ತದೆ, ಅವನದೇ ಆದ ತಪ್ಪು ಮಾತ್ರ ಸುಖವಾಗಿ ಅಚ್ಚಾಗುತ್ತದೆ.

ತೀರ್ಥಹಳ್ಳಿ ಕಡೆಯ ಸಣ್ಣ ಸಹಕಾರ ಸಂಘವೊಂದಕ್ಕೆ ನನ್ನ ಚಿಕ್ಕಪ್ಪ ಕಾರ್ಯದರ್ಶಿ. ಮಾರ್ಚ್ 31ಕ್ಕೆ ಲೆಕ್ಕ ಮುಗಿದು, ಸೆಪ್ಟೆಂಬರಿನ ಮಹಾಸಭೆಗೆ ವರದಿ ಅಚ್ಚಾಗಬೇಕು. ಅದರ ಪ್ರೂಫ್ ಸುರಿಯುವ ಮಳೆಯಲ್ಲಿ ನನ್ನ ಕೈಗೆ ಬರುತ್ತದೆ. ಒಮ್ಮೆ ಬೇಸತ್ತು, ಹಳೆಯ ಪ್ರೂಫುಗಳನ್ನೆಲ್ಲ ಜಗಲಿಯಲ್ಲಿ ಹರಡಿ, ಒಮ್ಮೆ ಮಾತ್ರ ಕಂಡ ತಪ್ಪುಗಳನ್ನು ಬಿಟ್ಟು, ಮತ್ತೆ ಮತ್ತೆ ಕೆಂಪು ಶಾಯಿ ಬಿದ್ದವುಗಳನ್ನಷ್ಟೇ ಬರೆದುಕೊಂಡೆ. ಉಳಿದವು ಎರಡೇ.

ಮೊದಲನೆಯದು ಇಸವಿ. ಅವರು ಹಿಂದಿನ ವರದಿಯ ಮೇಲೆಯೇ ಹೊಸದನ್ನು ಬರೆಯುವುದರಿಂದ 2024-25ರ ವರದಿಯಲ್ಲಿ 2023-24 ಎಲ್ಲೋ ಉಳಿದಿರುತ್ತದೆ. ಪಟ್ಟಿಯಲ್ಲಿ ‘ಇಸವಿ ಗಮನಿಸಿ’ ಎಂದು ಬರೆದರೆ ಪ್ರಯೋಜನವಿಲ್ಲ; ‘2023 ಎಂದು ಹುಡುಕಿ’ ಎಂದೇ ಬರೆಯಬೇಕು. ಹಾಗೆಂದು ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವಂತಿಲ್ಲ, ಏಕೆಂದರೆ ಹೋಲಿಕೆಗಾಗಿ ಕೊಟ್ಟ ಹಿಂದಿನ ವರ್ಷದ ಅಂಕಿಗಳು ಹಾಗೆಯೇ ಇರಬೇಕು.

ಎರಡನೆಯದು ಕ್ರಿಯಾಪದ. ‘ಸದಸ್ಯರು ಕಳೆದ ಮಳೆಗಾಲದಲ್ಲಿ ಕೊಳೆರೋಗದಿಂದ ಅಡಿಕೆ ಬೆಳೆ ನಷ್ಟವಾದ ಕಾರಣ ಸಾಲ ಮರುಪಾವತಿಗೆ ಕಾಲಾವಕಾಶ ಕೋರಿರುತ್ತದೆ’ ಎಂಬುದು ಅವರ ವಾಕ್ಯ. ಓದುತ್ತಾ ಹೋದರೆ ಇದು ಸಿಕ್ಕುವುದಿಲ್ಲ. ಕೊನೆ ಮುಟ್ಟುವ ಹೊತ್ತಿಗೆ ಸದಸ್ಯರು ಮರೆತುಹೋಗಿ, ಪಕ್ಕದ ಕಾಲಾವಕಾಶಕ್ಕೆ ಕ್ರಿಯಾಪದ ಹೊಂದಿಕೊಂಡಂತೆ ಕಾಣುತ್ತದೆ. ಆದ್ದರಿಂದ ‘ರುತ್ತದೆ’ ಎಂಬಷ್ಟನ್ನೇ ಹುಡುಕಿ, ಸಿಕ್ಕಲ್ಲೆಲ್ಲ ನಿಂತು, ‘ಯಾರು?’ ಎಂದು ಕೇಳಿ ಹಿಂದಕ್ಕೆ ಹೋಗಬೇಕು. ಇಸವಿಯ ಹುಡುಕಾಟವನ್ನು ಇದರೊಡನೆ ಬೆರೆಸಬಾರದು. ಎರಡನ್ನೂ ಒಟ್ಟಿಗೆ ನೋಡುವವನಿಗೆ ಒಂದು ತಪ್ಪಿಹೋಗುತ್ತದೆ. ತಿದ್ದಿದ ಸಾಲನ್ನು ಮತ್ತೊಮ್ಮೆ ಇಡಿಯಾಗಿ ಓದಬೇಕು, ಏಕೆಂದರೆ ತಿದ್ದುವಾಗಲೇ ಹೊಸ ತಪ್ಪು ಹುಟ್ಟುವುದುಂಟು. ಪಟ್ಟಿಯಲ್ಲಿಲ್ಲದ ತಪ್ಪಿಗಾಗಿ ಕೊನೆಗೊಮ್ಮೆ ಸುಮ್ಮನೆ ಓದುವುದಂತೂ ತಪ್ಪಿದ್ದಲ್ಲ.

‘ಎಲ್ಲರಿಗೂ ಅರ್ಥ ಆಗ್ತದಲ್ಲ ಮಾರಾಯ, ಮತ್ತೆಂಥ?’ ಎಂದರು ಚಿಕ್ಕಪ್ಪ. ಅರ್ಥವಾಗುತ್ತದೆ, ನಿಜ. ಅರ್ಥವಾಗುವುದೇ ಸಾಕೆನ್ನುವುದಾದರೆ ನನಗೆ ಪ್ರೂಫ್ ಕಳುಹಿಸುವ ತೊಂದರೆಯಾದರೂ ಏಕೆ? ಇದನ್ನು ಬಾಯಿಬಿಟ್ಟು ಹೇಳದೆ ಪಟ್ಟಿಯನ್ನು ಅವರ ಮೇಜಿನ ಮೇಲಿನ ಗೋಡೆಗೆ ಅಂಟಿಸಿ ಬಂದೆ.

ಮುಂದಿನ ವರದಿಯಲ್ಲಿ ‘ರುತ್ತದೆ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಸಂತೋಷಪಟ್ಟು ಓದತೊಡಗಿದೆ: ‘ಕಾಲಾವಕಾಶ ಕೋರಲಾಗಿದೆ’, ‘ಸಾಲ ನೀಡಲಾಗಿದೆ’, ‘ಚಹಾ ಕುಡಿಯಲಾಗಿದೆ’. ಯಾರು ಎಂಬ ಪ್ರಶ್ನೆಗೆ ಹೆದರಿ ಅವರು ಕರ್ತೃವನ್ನೇ ಊರು ಬಿಡಿಸಿದ್ದರು. ವ್ಯಾಕರಣದಲ್ಲಿ ತಪ್ಪಿಲ್ಲದ ಇದನ್ನು ಪಟ್ಟಿಗೆ ಸೇರಿಸಬಹುದೇ ಎಂಬುದು ನನಗಿನ್ನೂ ಬಗೆಹರಿದಿಲ್ಲ.