ಕೆಳಗೆ ಕೆಂಪಿನಲ್ಲಿ ಉತ್ತರಿಸಿದ್ದೇನೆ

ಸಹೋದ್ಯೋಗಿಯೊಬ್ಬರಿಂದ ಮೇಲ್ ಬಂತು. ಮೇಲೆ ಒಂದೇ ಸಾಲು. ‘ನಿಮ್ಮ ಪ್ರಶ್ನೆಗಳಿಗೆ ಕೆಳಗೆ ಕೆಂಪಿನಲ್ಲಿ ಉತ್ತರಿಸಿದ್ದೇನೆ.’ ಕೆಳಗೆ ಹೋದೆ. ಕೆಂಪು ಕಾಣಲಿಲ್ಲ. ಮತ್ತೂ ಕೆಳಗೆ ಹೋದೆ. ಅಲ್ಲಿದ್ದದ್ದು ಇಷ್ಟು:

```
ಹಳೆಯ ಅಂಕಿಗಳನ್ನೇ ಹಾಕಲೇ, ಹೊಸದು ತರಿಸಲೇ?
ಹಳೆಯದೇ ಸಾಕು.
ಚಿತ್ರಗಳು ಬೇಡ ಅಂದುಕೊಂಡಿದ್ದೇನೆ.
ಒಂದೆರಡು ಇರಲಿ.
ಶುಕ್ರವಾರ ಕೊಡುತ್ತೇನೆ.
ಬುಧವಾರವೇ ಬೇಕು.
```

ಎಲ್ಲವೂ ಒಂದೇ ಕಪ್ಪು. ಬರೆದವರು ಇಬ್ಬರು, ಕಾಣುತ್ತಿರುವವರು ಮಾತ್ರ ಒಬ್ಬರೇ, ಅದೂ ಮನಸ್ಸು ಗಟ್ಟಿ ಇಲ್ಲದವರು. ಚಿತ್ರ ಬೇಡ ಅಂತಾರೆ, ಮರುಸಾಲಿನಲ್ಲೇ ಇರಲಿ ಅಂತಾರೆ. ನಾನು ಬರೆದ ಪ್ರಶ್ನೆಗಳು ನನಗೆ ನೆನಪಿದ್ದವು, ಹಾಗಾಗಿ ಹೇಗೋ ಬಿಡಿಸಿಕೊಂಡೆ. ಆದರೆ ಈ ಮೇಲ್ ಇನ್ನೂ ಮೂವರಿಗೆ ಹೋಗಿತ್ತಲ್ಲ, ಅವರ ಗತಿ?

ಕೆಂಪು ಎಲ್ಲಿ ಹೋಯಿತು ಅಂತ ಹುಡುಕಿದರೆ ತಪ್ಪು ನನ್ನದೇ. ನಾನು ಥಂಡರ್‌ಬರ್ಡ್ ಎಂಬ ತಂತ್ರಾಂಶದಲ್ಲಿ ಮೇಲ್ ಓದುವವನು. ಯಾವತ್ತೋ ಒಂದು ದಿನ `View` ಮೆನುವಿನಲ್ಲಿ `Message Body As` ಎಂಬಲ್ಲಿಗೆ ಹೋಗಿ `Plain Text` ಆರಿಸಿಟ್ಟಿದ್ದೆ. ಜಾಹೀರಾತಿನ ಮೇಲ್‌ಗಳ ಥಳುಕು ನೋಡಲಾರದೆ ಮಾಡಿದ ಕೆಲಸ. ಥಳುಕಿನ ಜೊತೆ ಸಹೋದ್ಯೋಗಿಯ ಕೆಂಪೂ ಹೋಗಿತ್ತು.

ಅಂದಿನಿಂದ ಮೇಲ್‌ನ ಬಣ್ಣಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಉತ್ತರದ ಕೆಳಗಿನ ಹಳೆಯ ಮಾತು ಒಮ್ಮೆ ನೀಲಿ, ಒಮ್ಮೆ ನೇರಳೆ, ಒಮ್ಮೆ ಹಸಿರು ಗೆರೆಯ ಪಕ್ಕ. ಕಳುಹಿಸಿದವರು ಬಣ್ಣ ಹಚ್ಚಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಚ್ಚಿದ್ದು ನಮ್ಮದೇ ಕ್ಲೈಂಟ್, ಅಂದರೆ ನಾವು ಮೇಲ್ ಓದುವ ತಂತ್ರಾಂಶ.

ಬರೀ ಪಠ್ಯದ ಮೇಲ್ ತೆಗೆದುಕೊಳ್ಳಿ. ಅದರಲ್ಲಿ ಬಣ್ಣ ಎಂಬುದೇ ಇಲ್ಲ, ಇರುವುದಕ್ಕೆ ಜಾಗವೂ ಇಲ್ಲ. ಹಳೆಯ ಮಾತಿನ ಪ್ರತಿ ಸಾಲಿನ ಮುಂದೆ ಒಂದು `>` ಇರುತ್ತದೆ, ಅಷ್ಟೇ. ಆ ಗುರುತು ಕಂಡ ಕೂಡಲೇ ನಮ್ಮ ಕ್ಲೈಂಟ್ ತನಗೆ ತೋಚಿದ ಬಣ್ಣ ಬಳಿಯುತ್ತದೆ, ಇಲ್ಲವೇ ಪಕ್ಕದಲ್ಲಿ ಗೆರೆ ಎಳೆಯುತ್ತದೆ. ನನಗೆ ಕಾಣುವ ನೀಲಿ ನಿಮಗೆ ಕಾಣಬೇಕಾಗಿಲ್ಲ. ಅದಕ್ಕೇ ‘ಮೇಲಿನ ನೀಲಿ ಭಾಗ ನೋಡಿ’ ಅಂತ ಬರೆಯುವುದು ‘ನನ್ನ ಎಡಗಡೆ ಇರುವ ಕುರ್ಚಿ ನೋಡಿ’ ಅಂತ ಫೋನಿನಲ್ಲಿ ಹೇಳಿದ ಹಾಗೆ.

ಈ `>` ಇನ್ನೊಂದು ತಮಾಷೆಗೂ ಕಾರಣ. ಎಂಬಾಕ್ಸ್ ಎಂಬ ಹಳೆಯ ಬಗೆಯ ಕಡತದಲ್ಲಿ ಮೇಲ್‌ಗಳನ್ನು ಒಂದರ ಕೆಳಗೊಂದು ಸುಮ್ನೆ ಜೋಡಿಸಿಡುತ್ತಾರೆ. ಹೊಸ ಮೇಲ್ ಶುರುವಾಯಿತು ಅಂತ ತಿಳಿಯುವುದು ಸಾಲಿನ ಮೊದಲಿಗೆ ಬರುವ `From` ಪದದಿಂದ. ನೀವು ಇಂಗ್ಲಿಷಿನಲ್ಲಿ ಬರೆಯುತ್ತಾ ಒಂದು ಸಾಲನ್ನು ಅದೇ ಪದದಿಂದ ಶುರು ಮಾಡಿದಿರಿ ಅನ್ನಿ. ಗಲಿಬಿಲಿ ಆಗದಿರಲಿ ಅಂತ ಅದರ ಮುಂದೆ ಒಂದು `>` ಸಿಕ್ಕಿಸುವ ರೂಢಿ ಇದೆ. ತೆಗೆಯುವಾಗ ಅದನ್ನು ಕಳಚುವುದು ಮರೆತರೆ ನೀವೇ ಬರೆದ ಸಾಲು ಯಾರದೋ ಮಾತಿನಂತೆ ಬಣ್ಣ ಬಳಿದುಕೊಂಡು ಕೂರುತ್ತದೆ. ಪತ್ರದ ನಡುವೆ ಒಂದೇ ಒಂದು ಸಾಲು ವಿಚಿತ್ರವಾಗಿ ಕಂಡರೆ, ಅದರ ಮೊದಲ ಪದ ಯಾವುದು ನೋಡಿ.

ಬಣ್ಣ, ವಿನ್ಯಾಸಗಳನ್ನೂ ಹೊತ್ತು ತರುವ ಎಚ್‌ಟಿಎಂಎಲ್ ಮೇಲ್‌ನಲ್ಲಿ ಕಥೆ ಬೇರೆ. ಅಲ್ಲಿ ಹಳೆಯ ಮಾತನ್ನು ಸುತ್ತಿಡಲು ಒಂದು ಟ್ಯಾಗ್ ಇದೆ.

```
<blockquote type="cite">
```

ಥಂಡರ್‌ಬರ್ಡ್ ಇದನ್ನು ಕಂಡರೆ ಎಡಗಡೆ ಗೆರೆ ಎಳೆಯುತ್ತದೆ. ಮೊದಲ ಪದರಕ್ಕೆ ನೀಲಿ, ಅದರೊಳಗಿನದಕ್ಕೆ ನೇರಳೆ, ಅದರೊಳಗಿನದಕ್ಕೆ ಹಸಿರು. ಇದು ಒಳ್ಳೆಯ ಬಣ್ಣ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಇದಕ್ಕೆ ಅರ್ಥ ಇದೆ. ಗೆರೆ ಎಣಿಸಿದರೆ ಎಷ್ಟು ಸುತ್ತಿನ ಹಿಂದಿನ ಮಾತು ಅಂತ ಗೊತ್ತಾಗುತ್ತದೆ.

ಇನ್ನೊಂದು ಬಣ್ಣ ಇದೆ, ಅದು ಬರೀ ಬಣ್ಣ.

```
<span style="color:#1F497D">
```

ಈ ಕಡು ನೀಲಿ ನೀವು ನೋಡಿಯೇ ಇರುತ್ತೀರಿ. ಔಟ್‌ಲುಕ್ 2007 ಮತ್ತು 2010ರ ಕಾಲದಲ್ಲಿ ಉತ್ತರ ಬರೆಯಲು ಕುಳಿತರೆ ಅಕ್ಷರಗಳು ತಾವಾಗಿಯೇ ಈ ಬಣ್ಣದಲ್ಲಿ ಬರುತ್ತಿದ್ದವು. ಹಳೆಯ ಮಾತು ಕಪ್ಪು, ಹೊಸ ಮಾತು ನೀಲಿ. ಆ ಉತ್ತರಕ್ಕೆ ಮತ್ತೊಬ್ಬರು ಉತ್ತರ ಬರೆದರೆ ಅವರೂ ನೀಲಿ. ಅಲ್ಲಿಗೆ ಮುಗಿಯಿತು. ಈ ಬಣ್ಣ ಪತ್ರದ ಜೊತೆಗೇ ಪಯಣ ಮಾಡುತ್ತದೆ, ಪದರ ಮಾತ್ರ ಹೇಳುವುದಿಲ್ಲ. ರಾತ್ರಿ ಫೋನನ್ನು ಕಪ್ಪು ಹಿನ್ನೆಲೆಗೆ ಬದಲಿಸಿಕೊಂಡವರಿಗೆ ಕಡು ನೀಲಿ ಅಕ್ಷರ ಹೇಗೆ ಕಾಣಬಹುದು, ನೀವೇ ಊಹಿಸಿ.

ಕಂಡ ಬಣ್ಣ ಯಾವ ಜಾತಿಯದು ಅಂತ ತಿಳಿಯಬೇಕಾದರೆ ಮೇಲ್‌ನ ಮೂಲ ನೋಡಬೇಕು. ಥಂಡರ್‌ಬರ್ಡ್‌ನಲ್ಲಿ `Ctrl+U` ಒತ್ತಿದರೆ ತೆರೆಯುತ್ತದೆ. ಆದರೆ ನಮ್ಮ ಕನ್ನಡದ ಮೇಲ್‌ಗಳಲ್ಲಿ ಇದರಿಂದ ಜಾಸ್ತಿ ಉಪಯೋಗ ಇಲ್ಲ. ‘ಅ’ ಅಕ್ಷರ ಅಲ್ಲಿ `=E0=B2=85` ಅಂತ ಕೂತಿರುತ್ತದೆ. ಎಷ್ಟೋ ಸಲ ಟ್ಯಾಗ್‌ಗಳೂ ಸೇರಿ ಇಡೀ ಪತ್ರವೇ ಬೇಸ್64 ಎಂಬ ಅಕ್ಷರರಾಶಿ ಆಗಿರುತ್ತದೆ. ನಾನು ಬೇರೆ ಉಪಾಯ ಮಾಡುತ್ತೇನೆ. ಶಿಫ್ಟ್ ಒತ್ತಿ ಹಿಡಿದು `Reply` ಕ್ಲಿಕ್ ಮಾಡುತ್ತೇನೆ. ಖಾತೆಯಲ್ಲಿ ಎಚ್‌ಟಿಎಂಎಲ್ ಅಂತ ಇದ್ದರೆ, ಆ ಒಂದು ಉತ್ತರ ಮಾತ್ರ ಬರೀ ಪಠ್ಯದಲ್ಲಿ ತೆರೆಯುತ್ತದೆ. ಹಚ್ಚಿದ ಬಣ್ಣವೆಲ್ಲ ಅಲ್ಲೇ ತೊಳೆದುಹೋಗುತ್ತದೆ, ನಿಜವಾದ ಪದರ ಮಾತ್ರ `>` ಆಗಿ ಉಳಿಯುತ್ತದೆ.

ಸಹೋದ್ಯೋಗಿಯ ಮೇಲ್ ಮೇಲೆ ಇದನ್ನು ಮಾಡಿದೆ. ಎಲ್ಲ ಸಾಲಿಗೂ ಒಂದೊಂದೇ `>`. ನನ್ನ ಪ್ರಶ್ನೆಗೂ ಒಂದು, ಅವರ ಉತ್ತರಕ್ಕೂ ಒಂದು. ಸರಿಯಾಗಿ ಸುತ್ತಿದ್ದರೆ ಹೀಗಿರಬೇಕಿತ್ತು:

```
>> ಚಿತ್ರಗಳು ಬೇಡ ಅಂದುಕೊಂಡಿದ್ದೇನೆ.
> ಒಂದೆರಡು ಇರಲಿ.
ಸರಿ, ಎರಡು ಹಾಕುತ್ತೇನೆ.
```

ಎರಡು ಗುರುತಿನದು ನನ್ನ ಹಳೆಯ ಮಾತು, ಒಂದು ಗುರುತಿನದು ಅವರದು, ಗುರುತೇ ಇಲ್ಲದ್ದು ಈಗಿನದು. ಯಾವ ಫೋನಿಗೆ ಹೋದರೂ, ಯಾರು ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದರೂ ಇದು ಕೆಡುವುದಿಲ್ಲ.

ನಾನೇನು ಬಹಳ ಸಾಚಾ ಅಲ್ಲ. ನನ್ನ ಕಚೇರಿಯ ಯಂತ್ರದಲ್ಲಿ ಔಟ್‌ಲುಕ್ ಇದೆ. ಹಳೆಯ ಮಾತಿನ ಪಕ್ಕ ಚೆಂದದ ನೀಲಿ ಗೆರೆ ಬರುವ ಆಯ್ಕೆಯನ್ನು ಅಲ್ಲಿ ನಾನೇ ಹಾಕಿಕೊಂಡಿದ್ದೆ. ಒಮ್ಮೆ ಐದು ಪ್ರಶ್ನೆಗಳ ಮೇಲ್ ಬಂತು. ಪ್ರತಿ ಪ್ರಶ್ನೆಯ ಕೆಳಗೆ ಎಂಟರ್ ಒತ್ತಿ ಉತ್ತರ ಬರೆದೆ. ಎಂಟರ್ ಒತ್ತಿದರೆ ಗೆರೆ ತುಂಡಾಗುತ್ತದೆ ಅಂತ ನಾನು ನಂಬಿದ್ದೆ. ಥಂಡರ್‌ಬರ್ಡ್‌ನಲ್ಲಿ ಹಾಗೇ ಆಗುತ್ತದೆ. ಇಲ್ಲಿ ಗೆರೆ ತುಂಡಾಗಲಿಲ್ಲ, ನನ್ನ ಜೊತೆಗೇ ಕೆಳಗಿಳಿಯಿತು. ಐದೂ ಉತ್ತರ ಗೆರೆಯ ಒಳಗೆ. ಮರುದಿನ ಅವರಿಂದ ಬಂದ ಮಾತು: ‘ಸರ್, ನನ್ನ ಮೇಲ್ ಹಾಗೇ ವಾಪಸ್ ಬಂದಿದೆ. ಉತ್ತರ ಬರೆಯೋದು ಮರೆತ್ರಾ?’ ಗೆರೆ ಕಂಡರೆ ತಮ್ಮದೇ ಹಳೆಯ ಮಾತು ಅಂತ ಜನ ಓದದೆ ಜಾರಿಬಿಡುತ್ತಾರೆ. ಅವರು ಮಾಡಿದ್ದು ಸರಿಯೇ.

ಆಮೇಲೆ ಸೆಟ್ಟಿಂಗ್ ಹುಡುಕಿಕೊಂಡು ಹೋದೆ. ವಿಂಡೋಸ್‌ನ ಹಳೆಯ ಬಗೆಯ ಔಟ್‌ಲುಕ್ ಬಳಸುವವರಿಗೆ ದಾರಿ ಹೀಗಿದೆ. `File`, `Options`, `Mail`, ಅಲ್ಲಿಂದ ಕೆಳಗಿಳಿದರೆ `Replies and forwards`. `When replying to a message` ಎಂಬ ಪಟ್ಟಿಯಲ್ಲಿ ಹಳೆಯ ಮಾತನ್ನು ಏನು ಮಾಡಬೇಕು ಅಂತ ಹೇಳಬಹುದು: ಬಿಟ್ಟುಬಿಡು, ಲಗತ್ತಿಸು, ಹಾಗೇ ಇಡು, ಒಳಗೆ ಸರಿಸು, ಪ್ರತಿ ಸಾಲಿಗೂ ಗುರುತು ಹಾಕು. ಕೊನೆಯದರ ಹೆಸರು `Prefix each line of the original message`. ಬರೀ ಪಠ್ಯದಲ್ಲಿ ಇದು `>` ಆಗುತ್ತದೆ, ಎಚ್‌ಟಿಎಂಎಲ್‌ನಲ್ಲಿ ನೀಲಿ ಗೆರೆ ಆಗುತ್ತದೆ. ಒಂದೇ ಆಯ್ಕೆ, ಎರಡು ಮುಖ. ಯಾವ ಮುಖ ಕಾಣಬೇಕು ಅನ್ನುವುದನ್ನು ಸಾಮಾನ್ಯವಾಗಿ ನಾವು ಆರಿಸುವುದಿಲ್ಲ. ಬಂದ ಮೇಲ್ ಯಾವ ಬಗೆಯದೋ ಉತ್ತರವೂ ಅದೇ ಬಗೆಯಲ್ಲಿ ತೆರೆಯುತ್ತದೆ. ‘ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿದೆ’ ಅಂತ ಜನ ಗೊಣಗುವುದು ಹೆಚ್ಚಾಗಿ ಇದಕ್ಕೇ. ನಿನ್ನೆಯ ಮೇಲ್ ಬೇರೆ ಬಗೆಯದಿತ್ತು.

ಒಳಗೆ ಸರಿಸುವ ಆಯ್ಕೆಯನ್ನು ದಯವಿಟ್ಟು ಮುಟ್ಟಬೇಡಿ. ಒಂದು ಸುತ್ತಿಗೆ ಅರ್ಧ ಇಂಚು ಸರಿಯುತ್ತದೆ. ನಾಲ್ಕು ಸುತ್ತಾದರೆ ಎರಡು ಇಂಚು. ಫೋನಿನ ಪರದೆಯಲ್ಲಿ ಉಳಿಯುವುದು ಎಷ್ಟು? ಇಂಗ್ಲಿಷಿನ ಪುಟ್ಟ ಪದಗಳು ಹೇಗೋ ತೂರಿಕೊಳ್ಳುತ್ತವೆ. ನಮ್ಮ ‘ಕಳುಹಿಸಿಕೊಡಬೇಕಾಗಿತ್ತಲ್ಲವೇ’ ಎಲ್ಲಿ ಹೋಗಬೇಕು? ಪತ್ರದ ಕೊನೆಗೆ ಪದಗಳು ಗೋಡೆಗೆ ಒತ್ತಿಕೊಂಡು ಒಂದರ ಕೆಳಗೊಂದು ನಿಂತಿರುತ್ತವೆ.

ಬಣ್ಣದ ಬಗ್ಗೆ ಇನ್ನೊಂದು ಗುಂಡಿ ಇದೆ. ಅದೇ `Mail` ಪುಟದ ಮೇಲ್ಭಾಗದಲ್ಲಿ `Stationery and Fonts`. ಅದರೊಳಗೆ `Pick a new color when replying or forwarding`. ಇದಕ್ಕೆ ಟಿಕ್ ಹಾಕಿದರೆ ಉತ್ತರಿಸುವಾಗ ಕ್ಲೈಂಟೇ ಹೊಸ ಬಣ್ಣ ಆರಿಸುತ್ತದೆ. ‘ನಾನೇನೂ ಮಾಡಿಲ್ಲ, ಅಕ್ಷರ ತಾನಾಗಿಯೇ ಬೇರೆ ಬಣ್ಣಕ್ಕೆ ತಿರುಗಿತು’ ಅಂತ ಯಾರಾದರೂ ಹೇಳಿದರೆ ನಂಬಿ. ಈ ಟಿಕ್ ತೆಗೆಸಿ.

ಥಂಡರ್‌ಬರ್ಡ್‌ನಲ್ಲಿ ಇದೆಲ್ಲ `Account Settings` ಒಳಗೆ `Composition & Addressing` ಎಂಬಲ್ಲಿದೆ. ನಾನು ಎಚ್‌ಟಿಎಂಎಲ್ ಇಟ್ಟುಕೊಂಡಿದ್ದೇನೆ. ಉತ್ತರ ಹಳೆಯ ಮಾತಿನ ಕೆಳಗೆ ಶುರುವಾಗಲಿ ಅಂತ ಆರಿಸಿದ್ದೇನೆ. ಅಲ್ಲಿ ಎಲ್ಲೂ ಬರೆದಿಲ್ಲದ ಒಂದು ಅನುಕೂಲ ಇದೆ. ಮೇಲ್‌ನಲ್ಲಿ ಬೇಕಾದ ಎರಡು ಸಾಲನ್ನು ಮಾತ್ರ ಗುರುತಿಸಿ `Reply` ಒತ್ತಿದರೆ ಆ ಎರಡೇ ಸಾಲು ಉತ್ತರಕ್ಕೆ ಬರುತ್ತವೆ. ನನ್ನ ಅರ್ಧ ತಲೆನೋವು ಇದರಿಂದಲೇ ಹೋಯಿತು. ಮಾತು ಕಡಿಮೆಯಾದರೆ ಬಣ್ಣ ಹಚ್ಚುವುದಾದರೂ ಯಾವುದಕ್ಕೆ?

ಇಷ್ಟೆಲ್ಲ ಕಲಿತ ಉತ್ಸಾಹದಲ್ಲಿ ಆ ಸಹೋದ್ಯೋಗಿಗೆ ಅಚ್ಚುಕಟ್ಟಾಗಿ, ಬರೀ ಪಠ್ಯದಲ್ಲಿ, ಒಂದು ಗುರುತು ಎರಡು ಗುರುತು ಹಾಕಿ ಉತ್ತರ ಕಳುಹಿಸಿದೆ. ಹತ್ತು ನಿಮಿಷದಲ್ಲಿ ಮರುಮೇಲ್ ಬಂತು.

‘ನಿಮ್ಮ ಮೇಲ್‌ನಲ್ಲಿ ಸಾಲಿನ ಮುಂದೆಲ್ಲ ಏನೋ ಬಾಣದ ಗುರುತು ಬರ್ತಾ ಇದೆ, ವೈರಸ್ ಇರಬಹುದಾ ನೋಡಿಸಿ. ಎಲ್ಲೆಲ್ಲಿ ಬಂದಿದೆ ಅಂತ ಕೆಳಗೆ ಕೆಂಪಿನಲ್ಲಿ ತೋರಿಸಿದ್ದೇನೆ.’