ಸುಮ್ನೆ ಕೇಳ್ದೆ

ಈ ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಾನು ಸಕಲೇಶಪುರದಲ್ಲಿ ನಿಂತು ಮೂರು ಕಾಲಿನ ಓಟಕ್ಕೆ ಸೀಟಿ ಊದುತ್ತಿರಬೇಕಿತ್ತು. ಅದರ ಬದಲು ಬೆಂಗಳೂರಿನ ಮನೆ ಮಹಡಿ ಮೇಲೆ ಬಟ್ಟೆ ಒಣಗಹಾಕುತ್ತಿದ್ದೇನೆ. ಬಿಸಿಲು ಅಂದ್ರೆ ಹಪ್ಪಳ ಇಡುವಂಥ ಬಿಸಿಲು. ಅದರ ಫೋಟೊ ತೆಗೆದು ಆಫೀಸ್ ಗ್ರೂಪಿಗೆ ಹಾಕಿ ‘ಎಲ್ಲಿ ಮಳೆ?’ ಎಂದವರು ಇಲ್ಲಿವರೆಗೆ ಆರು ಜನ.

ಜುಲೈನಲ್ಲಿ ಮಲೆನಾಡಿಗೆ ಔಟಿಂಗ್ ಇಡೋಣ ಅಂದವನು ನಾನಲ್ಲ. ಆಫ್ ಸೀಸನ್ ರೇಟು ನೋಡಿದ ಮೇಲೆ ಮ್ಯಾನೇಜರ್‌ಗೆ ಬೇರೆ ತಿಂಗಳು ಕಾಣಲಿಲ್ಲ. ಬುಧವಾರ ಹವಾಮಾನ ಇಲಾಖೆ ಹಾಸನಕ್ಕೆ ಆರೆಂಜ್ ಅಲರ್ಟ್ ಕೊಟ್ಟಿತು. ಅಂದ್ರೆ ಒಂದೇ ದಿನದಲ್ಲಿ ಹನ್ನೊಂದೂವರೆಯಿಂದ ಇಪ್ಪತ್ತು ಸೆಂಟಿಮೀಟರ್‌ವರೆಗೆ ಮಳೆ ಬೀಳಬಹುದು. ಅದಕ್ಕೂ ಮೇಲಾದರೆ ರೆಡ್. ಮ್ಯಾನೇಜರ್ ಸ್ವಲ್ಪ ಯೋಚನೆ ಮಾಡಿ, “ಆರೆಂಜ್ ತಾನೇ? ಸಿಗ್ನಲ್‌ನಲ್ಲಿ ಆರೆಂಜ್ ಬಿದ್ರೆ ನಿಲ್ತೀವಾ?” ಅಂದರು. ಬೆಂಗಳೂರಿನವರು, ತಪ್ಪೇನಿಲ್ಲ.

ಕೊನೆಗೆ ರೆಸಾರ್ಟಿಗೇ ಫೋನ್ ಮಾಡಿದೆ. ಎತ್ತಿಕೊಂಡ ಪುಣ್ಯಾತ್ಮ, “ಲಾನಾ? ಗದ್ದೆ ಆಗಿದೆ ಸಾರ್. ನಾಟಿ ಮಾಡೋಕೆ ಬರೋದಾದ್ರೆ ಬನ್ನಿ” ಅಂದ. ಕರೆಂಟ್ ಹೋಗಿ ಎರಡು ದಿನವಾಗಿತ್ತಂತೆ. ಔಟಿಂಗ್ ಮುಂದಕ್ಕೆ ಹೋಯಿತು.

ಹೊಸ ದಿನಾಂಕಕ್ಕೆ ವಾಟ್ಸಾಪಿನಲ್ಲಿ ಪೋಲ್ ಹಾಕಿದೆ. ಆಗಸ್ಟ್ 9, ಆಗಸ್ಟ್ 23, ಸೆಪ್ಟೆಂಬರ್ 13. ಇರೋದು 42 ಜನ, ಬಿದ್ದಿದ್ದು 93 ವೋಟು. ಒಬ್ಬರು ಎಷ್ಟಕ್ಕೆ ಬೇಕಾದರೂ ಒತ್ತಬಹುದು ಅನ್ನೋದು ಅದರಲ್ಲಿ ಮೊದಲೇ ಆನ್ ಆಗಿರುತ್ತೆ, ನಾನು ಆಫ್ ಮಾಡಿರಲಿಲ್ಲ. ಮೂರಕ್ಕೂ ಒತ್ತಿದವರೇ ಆಮೇಲೆ ಒಬ್ಬೊಬ್ಬರಾಗಿ ಬಂದು ಆಕ್ಷೇಪ ಹೇಳಿದರು. ಒಂಬತ್ತು ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ, ಕಲಶ ಬಿಟ್ಟು ಬರೋಕಾಗಲ್ಲ. ಇಪ್ಪತ್ತಮೂರು ಅಮಾವಾಸ್ಯೆ, ಜೊತೆಗೆ ಅವತ್ತಿನವರೆಗೂ ಶ್ರಾವಣ, ಕೋಳಿ ಮುಟ್ಟೋ ಹಾಗಿಲ್ಲ. ಹದಿಮೂರು ಪಿತೃಪಕ್ಷ. ಸರಿ, ಒಬ್ಬರಿಗೆ ಒಂದೇ ವೋಟು ಎಂದು ಇನ್ನೊಂದು ಪೋಲ್ ಹಾಕಿದೆ. ಆಗಸ್ಟ್ 23 ಗೆದ್ದಿತು. ಕೋಳಿ ಭಾನುವಾರಕ್ಕೆ.

ಬಸ್ಸಿನವನು ಅಡ್ವಾನ್ಸ್ ವಾಪಸ್ ಕೊಡಲ್ಲ, ಬೇಕಾದ್ರೆ ಡೇಟ್ ಬದಲಾಯಿಸಿಕೊಳ್ಳಿ ಅಂದ. ಶುಕ್ರವಾರ ರಾತ್ರಿಯೇ ಹೊರಡೋಣ ಅಂತ ಅರ್ಧ ಆಫೀಸು ಹಟ ಹಿಡಿದಿತ್ತು. ಆದರೆ ಅವನ ಲೆಕ್ಕದಲ್ಲಿ ದಿನ ಬದಲಾಗೋದು ರಾತ್ರಿ ಹನ್ನೆರಡಕ್ಕೆ. ಹನ್ನೊಂದಕ್ಕೆ ಹೊರಟರೆ ಆ ಒಂದು ಗಂಟೆಯೂ ಒಂದು ದಿನವೇ. ಬಸ್ ಅಷ್ಟು ಓಡಲಿ ಬಿಡಲಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರಿನ ದುಡ್ಡು, ಮೇಲೆ ಡ್ರೈವರ್ ಬಾಟಾ. ಕಿಲೋಮೀಟರ್ ಎಣಿಸೋದು ನಾವು ಹತ್ತಿದ ಜಾಗದಿಂದಲ್ಲ, ಅವನ ಶೆಡ್ಡಿನಿಂದ ಶೆಡ್ಡಿಗೆ. ಹಾಗಾಗಿ ಶನಿವಾರ ಬೆಳಗಿನ ಜಾವ ಐದಕ್ಕೆ ಸಿಲ್ಕ್ ಬೋರ್ಡ್, ಅಲ್ಲಿಂದ ಬನಶಂಕರಿ, ನಾಯಂಡಹಳ್ಳಿ, ಗೊರಗುಂಟೆಪಾಳ್ಯ, ಆಮೇಲೆ ನೇರ ಹಾಸನದ ದಾರಿ ಅಂತ ಗ್ರೂಪಿಗೆ ಹಾಕಿದೆ.

ಹಾಕಿ ಒಂದು ನಿಮಿಷವೂ ಆಗಿರಲಿಲ್ಲ, ಅಕೌಂಟ್ಸ್ ಸಾರ್ ಬಂದರು. “ಬಸ್ಸು ವಿದ್ಯಾರಣ್ಯಪುರದ ಕಡೆ ಬರುತ್ತಾ? ಸುಮ್ನೆ ಕೇಳ್ದೆ.”

ಇವರು ಬೇಕು ಅಂತ ಏನನ್ನೂ ಕೇಳುವವರಲ್ಲ. ಎಲ್ಲ ಸುಮ್ನೆ. ಗೊರಗುಂಟೆಪಾಳ್ಯ ನಿಮಗೆ ಹತ್ತಿರ ಅಲ್ವಾ ಸಾರ್ ಅಂದೆ. “ಹತ್ತಿರವೇ. ಆದರೆ ಬೆಳಗಿನ ಜಾವ ಆಟೋದವನು ಮೀಟರ್ ಹಾಕ್ತಾನಾ? ಸುಮ್ನೆ ಕೇಳ್ದೆ.” ಅರ್ಧ ಗಂಟೆ ಬಿಟ್ಟು, ಆಟೋ ಬಿಲ್ ಕೊಟ್ಟರೆ ಆಫೀಸಿನವರು ದುಡ್ಡು ಕೊಡ್ತಾರಾ ಅಂತ. ಆ ಬಿಲ್ ಪಾಸ್ ಮಾಡಬೇಕಾದವರು ಇವರೇ! ಮಧ್ಯಾಹ್ನ, ಕಿಟಕಿ ಪಕ್ಕದ ಸೀಟು ಯಾರಾದರೂ ಹಿಡಿದಿಟ್ಟಿದ್ದಾರಾ. ಸಂಜೆ, ಚನ್ನರಾಯಪಟ್ಟಣದಲ್ಲಿ ಇಡ್ಲಿಗೆ ನಿಲ್ಲಿಸ್ತಾರಾ ಅಥವಾ ಹಾಸನದಲ್ಲಾ. ರಾತ್ರಿ ಹತ್ತೂವರೆಗೆ ಫೋನ್. ಎದೆ ಹೊಡೆದುಕೊಂಡಿತು. “ಏನಿಲ್ಲ, ಹೆಂಡತಿ ಕೇಳು ಅಂದಳು. ಫ್ಯಾಮಿಲಿ ಕರ್ಕೊಂಡು ಬರಬಹುದಾ?” ಹಿಂದಿನಿಂದ ಅವರ ಮನೆಯವರ ದನಿ ಸ್ಪಷ್ಟವಾಗಿ ಕೇಳಿಸಿತು: “ನಾನ್ಯಾವಾಗ ಹೇಳಿದೆ?”

ನಮ್ಮೂರ ಶಾಲೆಯಲ್ಲಿ ಮಳೆ ಜೋರಾದರೆ ಹೆಡ್‌ಮಾಸ್ತರ್ ಒಮ್ಮೆ ಆಕಾಶ ನೋಡುತ್ತಿದ್ದರು, ಜವಾನ ಲಾಂಗ್ ಬೆಲ್ ಹೊಡೆಯುತ್ತಿದ್ದ. ನಾವು ಚೀಲ ತಲೆ ಮೇಲಿಟ್ಟುಕೊಂಡು, ನೆನೆಯುವುದಕ್ಕೆಂದೇ ದೂರದ ದಾರಿ ಹಿಡಿದು ಮನೆಗೆ ಹೋಗುತ್ತಿದ್ದೆವು. ಚೀಲದಿಂದ ಶಾಯಿ ಇಳಿದು ಕಿವಿಯವರೆಗೂ ನೀಲಿ. ನಿಂತುಹೋದ ಆಟ ಇನ್ಯಾವತ್ತು ಅಂತ ಯಾರೂ ಕೇಳಲಿಲ್ಲ. ಮಳೆ ಸಿಕ್ಕಿತ್ತಲ್ಲ.

ಬಟ್ಟೆ ಒಣಗಹಾಕಿ ಕೆಳಗೆ ಬಂದರೆ ಫೋನಿನಲ್ಲಿ ಮತ್ತೆ ಅವರದೇ ಮೆಸೇಜು. “ಆಗಸ್ಟ್ 23ಕ್ಕೆ ಮಘಾ ಮಳೆ ಇರುತ್ತಲ್ವಾ?”

ಉತ್ತರ ಟೈಪ್ ಮಾಡುತ್ತಿದ್ದಾಗ ಮೇಲೆ ತಗಡಿನ ಮೇಲೆ ಟಪ್ ಟಪ್ ಅಂತ ಏನೋ ಸದ್ದಾಯಿತು. ಫೋನ್ ಬಿಸಾಕಿ ಮಹಡಿಗೆ ಓಡಿದೆ.